ಗಾಜಿನ ತುಂಡು

"ಆ ಕಾರ್ಡನ್ನ ಚೀಲದೊಳಗೆ ಹಾಕು ಮಾರಾಯ್ತಿ. ಅಳೆಯೋದು ಆಮೇಲೆ."

ಬಿರುಕಿನ ಅಗಲ ಅಳೆಯುವ ಪ್ಲಾಸ್ಟಿಕ್ ಕಾರ್ಡು ಅದು. ತರಬೇತಿಯಲ್ಲಿ ಕೊಟ್ಟಿದ್ದರು. ಕೂದಲೆಳೆಯಷ್ಟು ಸಣ್ಣ ಗೆರೆಯಿಂದ ಹಿಡಿದು ದಪ್ಪ ಗೆರೆಯವರೆಗೆ ಸಾಲಾಗಿ ಅಚ್ಚು ಹಾಕಿರುತ್ತಾರೆ, ಬಿರುಕಿನ ಪಕ್ಕ ಹಿಡಿದರೆ ಅಗಲ ಗೊತ್ತಾಗುತ್ತದೆ. ಅದೊಂದು ಕೈಯಲ್ಲಿದ್ದರೆ ಇಂಜಿನಿಯರಾದ ಹಾಗೆ ಅನ್ನಿಸುತ್ತಿತ್ತು ನನಗೆ. ಒಲ್ಲದ ಮನಸ್ಸಿನಿಂದ ಒಳಗಿಟ್ಟೆ.

ನಾನು ರಾಯಚೂರಿನವಳು. ತೀರ್ಥಹಳ್ಳಿ ಕಡೆ ಪೋಸ್ಟಿಂಗ್ ಆಗಿ ಮೂರು ತಿಂಗಳಾಗಿತ್ತು, ಅದರಲ್ಲಿ ಎರಡು ತಿಂಗಳು ಬರೀ ಮಳೆ. ಊರಿಗೆ ಫೋನ್ ಮಾಡಿ "ಇಲ್ಲಿ ಬಟ್ಟೆ ಒಣಗೋದೇ ಇಲ್ಲ" ಅಂದರೆ ಅವ್ವ ನಂಬುತ್ತಿರಲಿಲ್ಲ. ಮಳೆಗಾಲದ ತಪಾಸಣೆ ವರದಿ ಬರೆಯಬೇಕಿತ್ತು. ಮೂರು ಕಮಾನಿನ ಈ ಹಳೇ ಕಲ್ಲಿನ ಸೇತುವೆಗೆ ನಕ್ಷೆ ಇಲ್ಲ, ಕಟ್ಟಿದ ವರ್ಷದ ದಾಖಲೆಯೂ ಇಲ್ಲ. "ವರ್ಕ್ ಇನ್‌ಸ್ಪೆಕ್ಟರ್ ಮಂಜಪ್ಪನವರು ಅಂತ ಇದ್ದರು. ರಿಟೈರ್ ಆಗಿ ಹನ್ನೆರಡು ವರ್ಷ ಆಯ್ತು. ಕರೆದರೆ ಬರಬಹುದು, ಬೈದರೆ ಬೈಸ್ಕೋ" ಎಂದು ಆಫೀಸಿನಲ್ಲಿ ಹೇಳಿದ್ದರು. ಕರೆಯುವುದೇ ಬೇಡವಾಯಿತು. ನಾನು ಜೀಪಿನಿಂದ ಇಳಿಯುವಾಗಲೇ ಆಚೆ ದಡದಿಂದ ಕೊಡೆ ಹಿಡಿದು, ಪಂಚೆ ಎತ್ತಿ ಕಟ್ಟಿ, ಸೇತುವೆ ಮೇಲೆ ನಡೆದು ಬರುತ್ತಿದ್ದರು. ಇಂಜಿನಿಯರು ಬರ್ತಾರೆ ಅಂತ ಕಿರಾಣಿ ಅಂಗಡಿಯವ ಹೇಳಿದ್ದನಂತೆ.

ದಡದ ಕಡೆಯ ಮೊದಲನೇ ಕಮಾನಿನ ಕೆಳಗೆ ಇನ್ನೂ ಒಂದಿಷ್ಟು ನೆಲ ಉಳಿದಿತ್ತು. ಅಲ್ಲಿಗೆ ಇಳಿದೆವು. ಮೊದಲನೇ ಕಂಬಕ್ಕೆ ಹೊಳೆ ಒರೆಸಿಕೊಂಡು ಹೋಗುತ್ತಿತ್ತು, ಬಣ್ಣ ಹಾಲು ಕಮ್ಮಿಯಾದ ಚಹಾದ್ದು. ಪುಷ್ಯ ಮಳೆ. ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ತರಬೇಕು.

"ಜನ ಬೇಸಿಗೆಯಲ್ಲಿ ಬಂದು ತಪಾಸಣೆ ಮಾಡ್ತಾರೆ. ನೆರಳು ಇರ್ತದೆ, ಕೂತು ಊಟ ಮಾಡಬಹುದು. ಆದರೆ ಕಮಾನು ಬಾಯಿ ಬಿಡೋದು ಈಗ. ಮೇಲೆ ನೋಡು. ಎಂತ ಕಾಣ್ತದೆ?"

ಕತ್ತೆತ್ತಿದೆ. ಕಮಾನಿನ ಹೊಟ್ಟೆಗೆ ಮಳೆ ತಾಗುವುದಿಲ್ಲವಲ್ಲ, ಕಲ್ಲು ಬೂದು ಬಣ್ಣಕ್ಕೆ ಒಣಗಿಕೊಂಡೇ ಇತ್ತು. ಅದರ ನಡುವೆ ಕೆಲವೇ ಕಡೆ ಕಪ್ಪು ಗೆರೆಗಳು, ಒದ್ದೆ ಬೆರಳಲ್ಲಿ ಎಳೆದ ಹಾಗೆ. ರಸ್ತೆ ಮೇಲಿನ ನೀರು ಒಳಗಿನ ಮಣ್ಣಿಗಿಳಿದು, ದಾರಿ ಸಿಕ್ಕ ಕಡೆ ಹೊರಗೆ ಬರುತ್ತಿತ್ತು. ಏಪ್ರಿಲ್‌ನಲ್ಲಿ ತೆಗೆದ ಫೋಟೋಗಳಲ್ಲಿ ಇವು ಒಂದೂ ಇರಲಿಲ್ಲ.

"ಇದು ಉದ್ದಕ್ಕ ಹೋಗೇದ ನೋಡ್ರಿ ಸರ. ದೊಡ್ಡದು ಕಾಣಸ್ತದ" ಎಂದೆ. ಪಕ್ಕದ ಗೋಡೆಯಿಂದ ಎರಡಡಿ ಒಳಗೆ, ರಸ್ತೆ ಹೋಗುವ ದಿಕ್ಕಿನಲ್ಲೇ ಈ ತುದಿಯಿಂದ ಆ ತುದಿಗೆ ಎಳೆದಂತಿತ್ತು. ಬೆರಳು ಹೋಗುವಷ್ಟು ಅಗಲ. ಎದೆ ಧಸಕ್ಕೆಂದಿತು.

ಅವರು ಅದನ್ನು ಪಕ್ಕದ ಮನೆಯ ಹಳೇ ನಾಯಿಯನ್ನು ನೋಡುವ ಹಾಗೆ ನೋಡಿದರು. "ಹತ್ತಿರ ಹೋಗಿ ಒಳಗೆ ಟಾರ್ಚ್ ಬಿಡು."

ಒಳಗೆ ಪಾಚಿ, ಜೇಡರ ಬಲೆ, ಹಳೇ ಧೂಳು ಮೆತ್ತಿಕೊಂಡ ಅಂಚು. ಅಂಚುಗಳು ಸವೆದು ಗುಂಡಗಾಗಿದ್ದವು.

"ನಾನು ಕೆಲಸಕ್ಕೆ ಸೇರಿದಾಗಲೇ ಇದು ಹೀಗೇ ಇತ್ತು. ಪಕ್ಕದ ಗೋಡೆ ಕಮಾನಿನ ಅಂಚನ್ನ ಬಿಗಿಯಾಗಿ ಹಿಡ್ಕೊಂಡಿರ್ತದೆ, ಅದು ಅಲುಗೋದಿಲ್ಲ. ಲಾರಿ ಹೋದಾಗ ನಡುವಿಂದು ಮಾತ್ರ ಬಗ್ಗಿ ಏಳ್ತದೆ. ಒಂದು ಅಲ್ಲಾಡ್ತದೆ, ಒಂದು ಅಲ್ಲಾಡಲ್ಲ. ಸಂಬಂಧ ಕಡಿಯದೆ ಎಂತ ಆಗ್ತದೆ? ಗೋಡೆ ಹೊರಗೆ ಉಬ್ಬಿದ್ಯಾ ಅಂತ ದಾರ ಹಿಡಿದು ನೋಡು, ಬರ್ಕೋ. ನಿದ್ದೆ ಕೆಡಿಸ್ಕೋಬೇಡ."

ಆಮೇಲೆ ಪ್ಲಾಸ್ಕಿನ ಮುಚ್ಚಳ ತೆಗೆದು ಆ ಬಿರುಕಿನಿಂದ ತೊಟ್ಟಿಕ್ಕುವ ನೀರಿಗೆ ಹಿಡಿದರು. ನೀರು ತಿಳಿಯಾಗಿತ್ತು. ಕಲ್ಲಿನ ಮೇಲೆ ಅದು ಹರಿದ ದಾರಿಯಲ್ಲಿ ಬಿಳಿ ಹೆಪ್ಪು. "ಸುಣ್ಣ. ಗಾರೆ ಕರಗ್ತಾ ಉಂಟು. ಇದೊಂಥರಾ ಮಂಡಿನೋವು. ಔಷಧಿ ಮಾಡಬೇಕು, ಆದರೆ ಸಾಯೋದಲ್ಲ." ರಸ್ತೆಯ ಮೇಲಿನ ನೀರು ಹೋಗುವ ಕಿಂಡಿಗಳೆಲ್ಲ ಟಾರಿನಡಿ ಮುಚ್ಚಿಹೋಗಿವೆ ಎಂದು ಎರಡು ನಿಮಿಷ ಬೈದರು. ಟಾರಿನ ಮೇಲೆ ಟಾರು ಹಾಕಿ ಹಾಕಿ ಸೊಂಟದೆತ್ತರದ ಕಟ್ಟೆ ಮೊಣಕಾಲಿಗೆ ಬಂದಿದೆ, ಅಷ್ಟೂ ಭಾರವನ್ನು ಕಮಾನೇ ಹೊರಬೇಕು ಎಂದರು. ಅದರಲ್ಲಿ ಒಂದು ಪದರ ತಮ್ಮ ಕಾಲದ್ದೇ ಅಂತಲೂ ಹೇಳಿದರು.

ಅದಾದ ಮೇಲೆ ನನ್ನನ್ನು ಕಂಬದ ಕಡೆಗೆ ಕರೆದುಕೊಂಡು ಹೋದರು. ಕಮಾನು ಕಂಬದ ಮೇಲೆ ಕಾಲಿಡುವ ಜಾಗದಿಂದ ಒಂದು ತೆಳ್ಳನೆ ಗೆರೆ ಓರೆಯಾಗಿ ಮೇಲಕ್ಕೆ ಹೋಗಿತ್ತು. ಎಷ್ಟು ತೆಳು ಅಂದರೆ ತೋರಿಸಿರದಿದ್ದರೆ ನಾನು ದಾಟಿ ಹೋಗುತ್ತಿದ್ದೆ.

"ನಿದ್ದೆ ಕೆಡಿಸ್ಕೊಳ್ಳೋದಾದ್ರೆ ಇದಕ್ಕೆ. ಉದ್ದ ಗೆರೆ ಮುದಿತನದ್ದು. ನೆತ್ತಿಯಲ್ಲಿ ಅಡ್ಡ ಗೆರೆ ಬಂದರೆ ಕಾಲುಗಳು ದೂರ ಸರೀತಿವೆ ಅಂತ. ಓರೆ ಗೆರೆ ಅಂದರೆ ಒಂದು ಕಾಲು ಕುಸೀತಿದೆ. ಬಿರುಕು ಎಲ್ಲಿ ಉಂಟು ಅಂತ ಅಲ್ಲ, ಯಾವುದು ಎತ್ತ ಹೋಯ್ತು ಅಂತ ಕೇಳ್ಕೋಬೇಕು. ಆದರೆ ಹೆದರಬೇಡ. ಇದಕ್ಕೆ ನಾನು ಕಾವಲು ಇಟ್ಟಿದ್ದೇನೆ."

ಟಾರ್ಚು ಮೇಲೆ ಹೋಯಿತು. ಬಿರುಕಿನ ಮೇಲೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿ, ಬೆರಳಿನುದ್ದ. ಎರಡೂ ತುದಿಗೆ ಸಿಮೆಂಟಿನ ಉಂಡೆ. ಒಂದು ಉಂಡೆಯಲ್ಲಿ ಹಸಿ ಇದ್ದಾಗ ಮೊಳೆಯಿಂದ ಗೀಚಿದ ತಾರೀಕು: 12-7-98.

"ಗಾಜು ಬಗ್ಗೋದಿಲ್ಲ, ಹಿಗ್ಗೋದಿಲ್ಲ. ಬಿರುಕು ಒಂದಿಷ್ಟು ಬಾಯಿ ಬಿಟ್ಟರೂ ಚಟ್ ಅಂತ ಒಡೀತದೆ. ಅಲ್ಲಿಗೆ ಗೊತ್ತಾಯ್ತು, ಬಿರುಕಿಗೆ ಜೀವ ಉಂಟು ಅಂತ. ಮನೆ ಕಿಟಕಿಯದೇ ಗಾಜು ಅದು. ಹೆಂಡತಿ ಬೈದಿದ್ದಳು. ಪ್ರತಿ ಮಳೆಗಾಲ ಬಂದು ನೋಡ್ತೇನೆ, ರಿಟೈರ್ ಆದ ಮೇಲೂ. ಒಡೆದಿಲ್ಲ."

ಅವರು ಅದನ್ನು ಹೇಳಿದ ರೀತಿ ನನಗೆ ಇವತ್ತಿಗೂ ನೆನಪಿದೆ. ಮೊಮ್ಮಗನ ಮಾರ್ಕ್ಸ್ ಹೇಳುವ ಹಾಗೆ.

ಗಾಜು ಒಡೆದಿರಲಿಲ್ಲ, ನಿಜ. ಆದರೆ ಅದರ ಪಕ್ಕದಲ್ಲೇ ಇಳಿಯುತ್ತಿದ್ದ ನೀರು ನನ್ನ ತೋಳಿನ ಮೇಲೆ ಬಿತ್ತು, ನೋಡಿದರೆ ಕೆಂಪಗಿತ್ತು. ಮುಚ್ಚಳ ಇಸಿದುಕೊಂಡು ಹಿಡಿದೆ. ಅರ್ಧ ತುಂಬುವಷ್ಟರಲ್ಲಿ ತಳದಲ್ಲಿ ಮಣ್ಣು ಕೂತಿತು, ರಾಗಿ ಹಿಟ್ಟಿನಷ್ಟು ನುಣ್ಣಗೆ. ಅವರಿಗೆ ಹೇಳದೆ ಕಲ್ಲಿನ ಮೇಲೆ ಹತ್ತಿ, ಬಿರುಕಿನ ಅಂಚನ್ನು ಉಗುರಿಂದ ಮುಟ್ಟಿದೆ. ಪಾಚಿ ಇಲ್ಲ, ಧೂಳಿಲ್ಲ. ಮುರಿದ ಸಕ್ಕರೆ ಅಚ್ಚಿನ ಹಾಗೆ ಚೂಪು, ಒಳಗೆ ಕಲ್ಲಿನ ಬಣ್ಣ ಹೊಸದು.

"ಸರ, ಇದು ಹಳೇದಲ್ರಿ."

"ಗಾಜು ನೋಡು ಮಾರಾಯ್ತಿ."

ಗಾಜು ನೋಡಿದೆ. ಮುಟ್ಟಿದೆ. ತಾರೀಕು ಬರೆದಿದ್ದ ಉಂಡೆ ಗಟ್ಟಿಯಾಗಿಯೇ ಇತ್ತು. ಆ ಕಡೆಯ ಉಂಡೆ ಗಾಜಿನ ಜೊತೆಗೇ ಅಲುಗಿತು. ಕಲ್ಲಿಗೂ ಅದಕ್ಕೂ ನಡುವೆ ಕಾರ್ಡು ತೂರಿಸಿದರೆ ಸಲೀಸಾಗಿ ಒಳಗೆ ಹೋಯಿತು. ಯಾವತ್ತೋ ಕಲ್ಲನ್ನು ಬಿಟ್ಟು, ಒಂದೇ ಕಾಲ ಮೇಲೆ ನಿಂತಿತ್ತು ಗಾಜು. ಸೇತುವೆ ಎತ್ತ ಹೋದರೂ ಅದು ಒಡೆಯುವಂತಿರಲಿಲ್ಲ.

ಅವರೂ ಹತ್ತಿದರು, ನಾನು ಬೇಡವೆಂದರೂ. ಕನ್ನಡಕ ಒರೆಸಿದರು, ಒರೆಸಿದ ಪಂಚೆಯೇ ಒದ್ದೆ. ಕಡೆಗೆ ಕನ್ನಡಕ ತೆಗೆದು ಬೆರಳಿಂದಲೇ ನೋಡಿದರು. ಉಂಡೆಯನ್ನು ಆಚೆ ಈಚೆ ಅಲ್ಲಾಡಿಸಿದರು, ಹಲ್ಲು ಅಲುಗಾಡಿಸುವ ಹಾಗೆ. ಬಹಳ ಹೊತ್ತು ಏನೂ ಹೇಳಲಿಲ್ಲ.

"ಕೆಳಗಿಂದ ನೋಡ್ತಿದ್ದೆ" ಎಂದರು ಕೊನೆಗೆ. "ಕೆಳಗಿಂದ ನೋಡಿ ಹೋಗ್ತಿದ್ದೆ. ಒಂದು ಸಲ ಮುಟ್ಟಿ ನೋಡಲಿಲ್ಲ."

ಆಮೇಲೆ ಆದದ್ದೆಲ್ಲ ಬೇಗ ಬೇಗ. ಅಂಗಡಿಯಿಂದ ತಕ್ಕಡಿಯ ಐದು ಕೆ.ಜಿ. ಕಲ್ಲು, ಬಾವಿ ಹಗ್ಗ ತಂದರು. ಹಗ್ಗಕ್ಕೆ ಅಡಿಗೊಂದು ಗಂಟು ಹಾಕಿದೆ. ನೀರು ಬರುವ ಕಡೆಯ ಕಟ್ಟೆಯಿಂದ ಮೊದಲು ಎರಡನೇ ಕಂಬದ ಮೂಗಿನ ಹತ್ತಿರ ಬಿಟ್ಟೆವು. ಇಪ್ಪತ್ತೆರಡು ಗಂಟು, ಫೈಲಿನಲ್ಲಿದ್ದಷ್ಟೇ. ಮೊದಲನೇ ಕಂಬದ ಹತ್ತಿರ ಬಿಟ್ಟರೆ ಹಗ್ಗ ಹೋಗುತ್ತಲೇ ಇತ್ತು. ಇಪ್ಪತ್ತೇಳು.

"ಸೆಳೆತಕ್ಕೆ ಒಂದಡಿ ಬಿಡು" ಎಂದರು.

"ಆದ್ರೂ ನಾಕಡಿ ಆತಲ್ರಿ. ಏಪ್ರಿಲ್‌ನಾಗ ಇಲ್ಲೆ ತಗ್ಗೇ ಇರಲಿಲ್ಲ, ಫೋಟೋ ಅದ."

"ಏಪ್ರಿಲ್‌ನಲ್ಲಿ ಹೇಗೆ ಇರ್ತದೆ? ನೆರೆ ಏರುವಾಗ ಕಂಬದ ಬುಡ ತೋಡ್ತದೆ, ಇಳಿಯುವಾಗ ತಾನೇ ಮರಳು ತಂದು ಮುಚ್ಚಿ ಹೋಗ್ತದೆ. ಬೇಸಿಗೆಯಲ್ಲಿ ನೋಡಿದವರಿಗೆ ಅಂಗಳದ ಹಾಗೆ ಸಪಾಟು. ಇದರ ಪಾಯ ಆರಡಿ ಇದ್ರೆ ಹೆಚ್ಚು." ಹಗ್ಗ ಸುತ್ತುತ್ತಾ, ನನ್ನ ಕಡೆ ನೋಡದೆ ಹೇಳಿದರು: "ಮಹಾರಾಷ್ಟ್ರದ ಮಹಾಡ್ ಹತ್ರ ಸಾವಿತ್ರಿ ನದಿ ಸೇತುವೆ ಹೋಯ್ತಲ್ಲ, 2016ರಲ್ಲಿ, ಆಗಸ್ಟ್ 2. ಅದೂ ಕಲ್ಲಿನ ಕಮಾನೇ. ರಾತ್ರಿ. ಎರಡು ಬಸ್ಸು ಹೋದವು. ಸೇತುವೆ ಇಲ್ಲ ಅಂತ ಡ್ರೈವರಿಗೆ ಯಾರು ಹೇಳಬೇಕಿತ್ತು?"

ನೆಟ್‌ವರ್ಕ್ ಇರಲಿಲ್ಲ. ಜೀಪನ್ನು ಗುಡ್ಡದ ಮೇಲಿನ ಬಸ್ ಸ್ಟ್ಯಾಂಡಿಗೆ ಓಡಿಸಿ ಮೇಲಧಿಕಾರಿಗೆ ಫೋನ್ ಮಾಡಿದೆ. ಎಷ್ಟು ಮಿಲಿಮೀಟರ್ ಅಂತ ಕೇಳಿದರು. ಮುಕ್ಕಾಲು ಅಂದೆ. ಅಷ್ಟಕ್ಕೇನಮ್ಮ ಅಂದರು. ಅದು ಓರೆ ಉಂಟು ಸಾರ್, ಮಣ್ಣು ಬರ್ತಾ ಉಂಟು, ಬುಡ ನಾಲ್ಕಡಿ ಹೋಗಿದೆ ಅಂದೆ. ಬಾಯಿಗೆ ಮಂಜಪ್ಪನವರ ಮಾತೇ ಬಂದಿದ್ದು ಆಮೇಲೆ ಗೊತ್ತಾಯಿತು. ಆ ಕಡೆ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಬಂದ್ ಮಾಡ್ಸು. ಪೊಲೀಸಿಗೆ ನಾನು ಹೇಳ್ತೀನಿ. ಆರ್ಡರ್ ಆಮೇಲೆ."

ವಾಪಸ್ ಬಂದರೆ ಸೇತುವೆಯ ಬಾಯಲ್ಲಿ ಒಂದು ನಾಟಾ ಲಾರಿ. ಅದರ ಮುಂದೆ, ರಸ್ತೆಯ ನಟ್ಟನಡುವೆ, ಮಂಜಪ್ಪನವರು ಕೊಡೆ ಅಡ್ಡ ಹಿಡಿದು ನಿಂತಿದ್ದರು. ಡ್ರೈವರ್ ತಲೆ ಹೊರಗೆ ಹಾಕಿ ಕಿರುಚುತ್ತಿದ್ದ.

"ಯಾರ್ರೀ ನೀವು? ರಸ್ತೆ ಏನು ನಿಮ್ಮಪ್ಪಂದಾ?"

"ನಾನು ಯಾರೂ ಅಲ್ಲ" ಎಂದರು ಅವರು. ನನ್ನ ಕಡೆ ಕೈ ತೋರಿಸಿದರು. "ಅವರು ಇಂಜಿನಿಯರು. ಅವರು ಹೇಳ್ತಾರೆ, ಕೇಳು."

ಬೆಳಗ್ಗಿಂದ ನೀನು, ಮಾರಾಯ್ತಿ ಅಂದವರು.

"ಗಾಡಿ ಹಿಂದಕ್ಕ ತಗೋರಿ" ಎಂದೆ. "ಸೇತುವೆ ಬಂದ್."

"ಸುತ್ತು ಹಾಕಿದ್ರೆ ಹದಿನೆಂಟು ಕಿಲೋಮೀಟರ್ ಆಗ್ತದೆ ಮೇಡಂ. ನಿನ್ನೆ ರಾತ್ರಿನೂ ಲೋಡ್ ಹಾಕ್ಕೊಂಡು ಇದರ ಮೇಲೇ ಹೋಗಿದ್ದೇನೆ, ಏನಾಗಿದೆ ಇದಕ್ಕೆ?"

ನನ್ನ ಕೈಯಲ್ಲಿ ಪ್ಲಾಸ್ಕಿನ ಮುಚ್ಚಳ ಇನ್ನೂ ಇತ್ತು. ಹತ್ತಿರ ಹೋಗಿ ಕಿಟಕಿಗೆ ಎತ್ತಿ ಹಿಡಿದೆ. ಅವನು ಬಗ್ಗಿ ನೋಡಿದ. ತಳದ ಕೆಂಪು ಮಣ್ಣು ನೋಡಿದ, ಸೇತುವೆ ನೋಡಿದ, ಮತ್ತೆ ಮುಚ್ಚಳ ನೋಡಿದ. ಬಾಯಿ ಮುಚ್ಚಿಕೊಂಡು ರಿವರ್ಸ್ ಗೇರ್ ಹಾಕಿದ.

ಮಂಜಪ್ಪನವರು ಆಗಲೇ ಲಾರಿಯ ಹಿಂದೆ ಹೋಗಿದ್ದರು. ಚರಂಡಿಯ ಅಂಚಿನಲ್ಲಿ ನಿಂತು, ಕೊಡೆ ಮಡಚಿ ಕೋಲಿನ ಹಾಗೆ ಬೀಸುತ್ತಾ, ಮಳೆಗಿಂತ ಜೋರಾಗಿ ಕೂಗುತ್ತಿದ್ದರು:

"ಬರ್ಲಿ... ಬರ್ಲಿ... ಸ್ವಲ್ಪ ಎಡಕ್ಕೆ... ಬರ್ಲಿ..."