ಬಾಟಲಿ ಕೋಲ್ಡ್ ಕಾಫಿ ಉತ್ಪನ್ನ ಸಾಲಿನಿಂದ ನಿರ್ಗಮನ: ನಿರ್ದೇಶಕ ಮಂಡಳಿಗೆ ಟಿಪ್ಪಣಿ

ಇವರಿಗೆ: ನಿರ್ದೇಶಕ ಮಂಡಳಿಯ ಅಧ್ಯಕ್ಷರು ಮತ್ತು ಸದಸ್ಯರು
ಇವರಿಂದ: ಮುಖ್ಯ ಹಣಕಾಸು ಅಧಿಕಾರಿ, ಚಿಕ್ಕಮಗಳೂರು

200 ಮಿ.ಲೀ. ಬಾಟಲಿ ಕೋಲ್ಡ್ ಕಾಫಿಯ ತಯಾರಿಕೆಯನ್ನು ಸೆಪ್ಟೆಂಬರ್ 30ರೊಳಗೆ ನಿಲ್ಲಿಸಲು ಮಂಡಳಿಯು ಅನುಮೋದನೆ ನೀಡಬೇಕೆಂದು ಶಿಫಾರಸು ಮಾಡುತ್ತೇನೆ.

ವಿತರಕರ ಕಮಿಷನ್ ಕಳೆದ ಮೇಲೆ ಬಾಟಲಿಯೊಂದಕ್ಕೆ ನಮಗೆ ದೊರೆಯುವುದು ₹52. ಆದರೆ ಕಾಫಿ ಮತ್ತು ಸಂಸ್ಕರಣೆಗೆ ₹19, ಬಾಟಲಿ ಹಾಗೂ ಲೇಬಲ್‌ಗೆ ₹14, ಶೀತಲ ಸಾಗಣೆಗೆ ₹15, ಅವಧಿ ಮೀರಿ ಅಂಗಡಿಗಳಿಂದ ಹಿಂದಿರುಗುವ ಸರಕಿಗೆ ₹9, ಒಟ್ಟು ₹57 ಬದಲಾಗುವ ವೆಚ್ಚವಾಗುತ್ತಿರುವುದರಿಂದ ಪ್ರತಿ ಬಾಟಲಿಯ ಕೊಡುಗೆಯೇ ₹5 ಋಣಾತ್ಮಕವಾಗಿದೆ. ಮಾರಾಟ ಹೆಚ್ಚಿದರೆ ಸರಿಹೋದೀತು ಎಂಬ ವಾದ ಇಲ್ಲಿ ನಿಲ್ಲುವುದಿಲ್ಲ. ಈಗಿನ ವೆಚ್ಚದಲ್ಲಿ ಮಾರಾಟ ಹೆಚ್ಚಿದಷ್ಟೂ ನಷ್ಟವೇ ಹೆಚ್ಚುತ್ತದೆ. ಕಳೆದ ವರ್ಷ ಮಾರಾಟವಾದ 2.4 ಲಕ್ಷ ಬಾಟಲಿಗಳ ಮೇಲೆ ₹12 ಲಕ್ಷ ನಷ್ಟವಾಗಿದ್ದು, ಇದಕ್ಕೆ ಶೀತಲಗೃಹದ ಬಾಡಿಗೆಯೂ ಸೇರಿದಂತೆ ಈ ಸಾಲಿಗೇ ಮೀಸಲಾದ ₹18 ಲಕ್ಷ ಸ್ಥಿರ ವೆಚ್ಚವನ್ನು ಕೂಡಿಸಿದರೆ ನಿರ್ಗಮನದಿಂದ ವಾರ್ಷಿಕ ₹30 ಲಕ್ಷ ಉಳಿಯುತ್ತದೆ. ಈ ಸಾಲಿಗೆ ಹಂಚಿಕೆಯಾಗಿರುವ ಕಚೇರಿ ವೆಚ್ಚ ₹9 ಲಕ್ಷ ಹೇಗೂ ಮುಂದುವರಿಯುವುದರಿಂದ ಅದನ್ನು ಉಳಿತಾಯವೆಂದು ಎಣಿಸಿಲ್ಲ.

ನಗದು ಕೊಡುಗೆ (ಶೇ. 40), ಬ್ರ್ಯಾಂಡ್ (25), ಕಾರ್ಯಾಚರಣೆಯ ಹೊರೆ (20), ಜಾರಿಯ ಅಪಾಯ (15) ಎಂಬ ಮಾನದಂಡಗಳ ನಿರ್ಧಾರ ಕೋಷ್ಟಕದಲ್ಲಿ ಐದಕ್ಕೆ ನಿರ್ಗಮನವು 3.95, ಹೊರಗುತ್ತಿಗೆ 2.85, ಬೆಲೆ ಏರಿಕೆ 2.40, ಯಥಾಸ್ಥಿತಿ 2.20 ಅಂಕ ಪಡೆದಿವೆ. ಬ್ರ್ಯಾಂಡ್ ಒಂದರಲ್ಲಿ ಮಾತ್ರ ನಿರ್ಗಮನ ಹಿಂದುಳಿದಿದೆ. ಮಾರಾಟ ವಿಭಾಗದ ಆಕ್ಷೇಪವೂ ಅದೇ ಆದ್ದರಿಂದ ಆ ತೂಕವನ್ನು ಶೇ. 50ಕ್ಕೆ ಏರಿಸಿಯೂ ಪರಿಶೀಲಿಸಲಾಯಿತು, ಆಗಲೂ ನಿರ್ಗಮನವೇ (3.30) ಮೊದಲ ಸ್ಥಾನದಲ್ಲಿದೆ.

ಈ ಸಾಲಿನ ಆರು ಕಾಯಂ ಸಿಬ್ಬಂದಿಯನ್ನು ಫಿಲ್ಟರ್ ಕಾಫಿ ಪುಡಿ ಘಟಕಕ್ಕೆ ವರ್ಗಾಯಿಸಬಹುದು. ದಾಸ್ತಾನಿನಲ್ಲಿರುವ ಲೇಬಲ್‌ಗಳನ್ನು ಮಾತ್ರ ನಷ್ಟವೆಂದು ಬರೆದುಹಾಕಬೇಕಾಗುತ್ತದೆ.