ಕೆಂಪುಕಲ್ಲು ಕೋರೆಯ ರಾಯಲ್ಟಿ ಲೆಕ್ಕ: 2020-21ರಿಂದ 2024-25

ಬದಿಯಡ್ಕ, 2025 ಏಪ್ರಿಲ್
ಕೋರೆಯ ಗುತ್ತಿಗೆ ಹಿಡಿದ ಪಾಲುದಾರರಿಗೆ

ಜಾಗದ ಯಜಮಾನರ ಜೊತೆಗಿನ ಕರಾರಿನ ಐದು ವರ್ಷ ಮಾರ್ಚ್ 31ಕ್ಕೆ ಮುಗಿದಿದೆ. ಲೋಡ್ ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ಎದುರಿಗಿಟ್ಟುಕೊಂಡು ಈ ಲೆಕ್ಕ ತಯಾರಿಸಿದ್ದೇನೆ.

ಕರಾರಿನಲ್ಲಿ ಲೆಕ್ಕಕ್ಕೆ ಬೇಕಾದದ್ದು ಇಷ್ಟು: ಕಡಿದು ಲೋಡ್ ಮಾಡಿದ ಪ್ರತಿ ಕಲ್ಲಿಗೆ 4 ರೂಪಾಯಿ ರಾಯಲ್ಟಿ. ಕಲ್ಲು ಎಷ್ಟೇ ಹೋಗಲಿ, ವರ್ಷಕ್ಕೆ ಕನಿಷ್ಠ ಬಾಡಿಗೆ 3,00,000 ರೂಪಾಯಿ. ರಾಯಲ್ಟಿ ಇದಕ್ಕಿಂತ ಕಡಿಮೆಯಾದರೆ ಆ ವ್ಯತ್ಯಾಸವೇ ಶಾರ್ಟ್ ವರ್ಕಿಂಗ್ಸ್. ಅದನ್ನು ಕಡಿಮೆ ಬಿದ್ದ ವರ್ಷದ ನಂತರದ ಎರಡು ವರ್ಷಗಳೊಳಗೆ, ರಾಯಲ್ಟಿ ಕನಿಷ್ಠ ಬಾಡಿಗೆಯನ್ನು ಮೀರಿದಷ್ಟರ ಮಟ್ಟಿಗೆ ಮುರಿದುಕೊಳ್ಳಬಹುದು. ಒಡಕು ಕಲ್ಲು ಎಣಿಕೆಗಿಲ್ಲ. ಪುಸ್ತಕದಲ್ಲಿ ಪೆನ್ಸಿಲಿನಿಂದ ‘ಒ’ ಎಂದು ಗುರುತು ಹಾಕಿದ ಸಾಲುಗಳನ್ನು ಬಿಟ್ಟೇ ಕೂಡಿಸಿದ್ದೇನೆ.

| ವರ್ಷ | ಕಲ್ಲು | ರಾಯಲ್ಟಿ | ಶಾರ್ಟ್ ವರ್ಕಿಂಗ್ಸ್ | ಮುರಿದದ್ದು | ರದ್ದಾದದ್ದು | ಯಜಮಾನರಿಗೆ ಸಲ್ಲಬೇಕಾದದ್ದು |
|---|---|---|---|---|---|---|
| 2020-21 | 42,000 | 1,68,000 | 1,32,000 | – | – | 3,00,000 |
| 2021-22 | 60,000 | 2,40,000 | 60,000 | – | – | 3,00,000 |
| 2022-23 | 90,000 | 3,60,000 | – | 60,000 | 72,000 | 3,00,000 |
| 2023-24 | 84,000 | 3,36,000 | – | 36,000 | 24,000 | 3,00,000 |
| 2024-25 | 95,000 | 3,80,000 | – | – | – | 3,80,000 |

ಮೊದಲ ವರ್ಷ ಲಾಕ್‌ಡೌನಿನಲ್ಲಿ ಯಂತ್ರ ನಿಂತಿತ್ತು, ಆಮೇಲೆ ಮಳೆ ಹಿಡಿದು ಕೋರೆಯಲ್ಲಿ ನೀರು ನಿಂತಿತು. ಕರಾರಿನಲ್ಲಿ ಅಂಥ ಕಾಲಕ್ಕೆ ಬಾಡಿಗೆ ಇಳಿಸುವ ಷರತ್ತಿಲ್ಲವಾದ್ದರಿಂದ ಪೂರ್ತಿ 3,00,000 ಕೊಡಬೇಕಾಯಿತು. ಆ ವರ್ಷದ ಜರ್ನಲ್:

ರಾಯಲ್ಟಿ ಖಾತೆ ಖರ್ಚು 1,68,000
ಶಾರ್ಟ್ ವರ್ಕಿಂಗ್ಸ್ ಖಾತೆ ಖರ್ಚು 1,32,000
 ಯಜಮಾನರ ಖಾತೆಗೆ ಜಮೆ 3,00,000

ಯಜಮಾನರ ಖಾತೆ ಖರ್ಚು 3,00,000
 ಬ್ಯಾಂಕ್ ಖಾತೆಗೆ ಜಮೆ 3,00,000

ರಾಯಲ್ಟಿ ಕಲ್ಲು ಕಡಿದ ಲೆಕ್ಕಕ್ಕೆ ಬೀಳುವುದರಿಂದ ವರ್ಷದ ಕೊನೆಗೆ ಉತ್ಪಾದನಾ ಖಾತೆಗೆ ಹೋಗುತ್ತದೆ. ಶಾರ್ಟ್ ವರ್ಕಿಂಗ್ಸ್ ಹಾಗಲ್ಲ, ಮುಂದೆ ಬರಬಹುದಾದ ಹಣವಾಗಿ ಅಢಾವೆ ಪತ್ರಿಕೆಯ ಆಸ್ತಿ ಬದಿಯಲ್ಲಿ ಕೂರುತ್ತದೆ. 2021-22ರ ನಮೂದು ಇದೇ ರೀತಿ, 2,40,000 ಮತ್ತು 60,000.

2022-23ರಲ್ಲಿ ಕಲ್ಲು ಚೆನ್ನಾಗಿ ಹೋಯಿತು:

ರಾಯಲ್ಟಿ ಖಾತೆ ಖರ್ಚು 3,60,000
 ಯಜಮಾನರ ಖಾತೆಗೆ ಜಮೆ 3,60,000

ಯಜಮಾನರ ಖಾತೆ ಖರ್ಚು 3,60,000
 ಶಾರ್ಟ್ ವರ್ಕಿಂಗ್ಸ್ ಖಾತೆಗೆ ಜಮೆ 60,000
 ಬ್ಯಾಂಕ್ ಖಾತೆಗೆ ಜಮೆ 3,00,000

ಲಾಭ-ನಷ್ಟ ಖಾತೆ ಖರ್ಚು 72,000
 ಶಾರ್ಟ್ ವರ್ಕಿಂಗ್ಸ್ ಖಾತೆಗೆ ಜಮೆ 72,000

ಮುರಿಯುವಾಗ ಹಳೆಯ ವರ್ಷದ್ದೇ ಮೊದಲು. 2020-21ರ 1,32,000ಕ್ಕೆ ಗಡುವು 2022-23ಕ್ಕೇ ಮುಗಿಯುತ್ತದೆ. ಅದರಲ್ಲಿ 60,000 ಕೈಗೆ ಬಂತು, ಉಳಿದ 72,000 ಹೋಯಿತು. ಹೋದದ್ದನ್ನು ಆಸ್ತಿಯೆಂದು ಇನ್ನೊಂದು ವರ್ಷ ಎಳೆದುಕೊಂಡು ಹೋಗುವುದು ನನಗೆ ಒಪ್ಪಿಗೆಯಿಲ್ಲ, ಬ್ಯಾಂಕಿಗೆ ತೋರಿಸುವ ಲೆಕ್ಕದಲ್ಲಂತೂ ಬೇಡವೇ ಬೇಡ.

ಶಾರ್ಟ್ ವರ್ಕಿಂಗ್ಸ್ ಖಾತೆ

| ವರ್ಷ | ಆರಂಭದ ಬಾಕಿ | ಸೇರಿದ್ದು | ಮುರಿದದ್ದು | ಲಾಭ-ನಷ್ಟಕ್ಕೆ | ಕೊನೆಯ ಬಾಕಿ |
|---|---|---|---|---|---|
| 2020-21 | – | 1,32,000 | – | – | 1,32,000 |
| 2021-22 | 1,32,000 | 60,000 | – | – | 1,92,000 |
| 2022-23 | 1,92,000 | – | 60,000 | 72,000 | 60,000 |
| 2023-24 | 60,000 | – | 36,000 | 24,000 | – |

ಈಗ ತಕರಾರಿನ ವಿಷಯ. 2024-25ಕ್ಕೆ ನೀವು ಯಜಮಾನರಿಗೆ 3,56,000 ಮಾತ್ರ ಕಳುಹಿಸಿದ್ದೀರಿ. 2021-22ರ ಬಾಕಿ 24,000ವನ್ನು ಈ ಸಲದ 80,000 ಹೆಚ್ಚಳದಲ್ಲಿ ಮುರಿದುಕೊಂಡೆವು ಎಂಬುದು ನಿಮ್ಮ ವಾದ. ಹೆಚ್ಚಳ ಇದ್ದದ್ದು ನಿಜ, ಆದರೆ ಆ ಬಾಕಿಯ ಗಡುವು 2024 ಮಾರ್ಚ್ 31ಕ್ಕೇ ತೀರಿತ್ತು. ಗಡುವು ಎಣಿಸುವುದು ಕರಾರು ಹುಟ್ಟಿದ ದಿನದಿಂದಲೂ ಅಲ್ಲ, ಕೊನೆಯ ಬಾರಿ ಮುರಿದ ದಿನದಿಂದಲೂ ಅಲ್ಲ. ಕಡಿಮೆ ಬಿದ್ದ ವರ್ಷದಿಂದ. ಯಜಮಾನರು ಕೇಳಿದ್ದು ನ್ಯಾಯವೇ. ಆದ್ದರಿಂದ ಈ ವರ್ಷದ ನಮೂದು ಹೀಗೆ:

ರಾಯಲ್ಟಿ ಖಾತೆ ಖರ್ಚು 3,80,000
 ಯಜಮಾನರ ಖಾತೆಗೆ ಜಮೆ 3,80,000

ಯಜಮಾನರ ಖಾತೆ ಖರ್ಚು 3,56,000
 ಬ್ಯಾಂಕ್ ಖಾತೆಗೆ ಜಮೆ 3,56,000

ಉಳಿದ 24,000 ಕೊಡಬೇಕಾದ ಬಾಕಿಯೆಂದು 2025 ಮಾರ್ಚ್ 31ರ ಅಢಾವೆ ಪತ್ರಿಕೆಯಲ್ಲಿ ಜವಾಬ್ದಾರಿ ಬದಿಗೆ ಹಾಕಿದ್ದೇನೆ.

ತಾಳೆ ನೋಡಲು: ಐದು ವರ್ಷದ ರಾಯಲ್ಟಿ 14,84,000, ಯಜಮಾನರಿಗೆ ಸಲ್ಲಬೇಕಾದ ಒಟ್ಟು 15,80,000. ವ್ಯತ್ಯಾಸ 96,000, ಅಂದರೆ ರದ್ದಾದ 72,000 ಮತ್ತು 24,000.

ಇದರಲ್ಲಿ ಸರಕಾರಕ್ಕೆ ಕಟ್ಟುವ ರಾಯಲ್ಟಿ ಸೇರಿಲ್ಲ. ಅದು ಕೇರಳ ಮೈನರ್ ಮಿನರಲ್ ಕನ್ಸೆಶನ್ ರೂಲ್ಸ್, 2015ರ ಪ್ರಕಾರ ಹೋಗುವಂಥದ್ದು, ಬೇರೆ ಖಾತೆಯಲ್ಲಿದೆ. ಕಾಸರಗೋಡಿನ ಕಚೇರಿಯಿಂದ ಬಂದ ರಶೀದಿಗಳನ್ನು ಯಜಮಾನರ ರಶೀದಿಗಳ ಜೊತೆ ಒಂದೇ ಫೈಲಿಗೆ ಹಾಕಬೇಡಿ.

ಕರಾರು ನವೀಕರಿಸುವ ಮಾತು ನಡೆಯುತ್ತಿದೆಯಂತೆ. ಮುರಿಯುವ ಗಡುವನ್ನು ಮೂರು ವರ್ಷಕ್ಕೆ ಏರಿಸಲು ಕೇಳಿ. ಸರಕಾರಿ ಆದೇಶದಿಂದ ಕೆಲಸ ನಿಂತ ತಿಂಗಳುಗಳಿಗೆ ಕನಿಷ್ಠ ಬಾಡಿಗೆ ತಿಂಗಳ ಲೆಕ್ಕದಲ್ಲಿ ಇಳಿಯಬೇಕೆಂದೂ ಬರೆಸಿ. ಅದಕ್ಕೆ ಮೊದಲು ಆ 24,000 ಕಳುಹಿಸಿ. ಬಾಕಿ ಇಟ್ಟುಕೊಂಡು ಹೊಸ ಷರತ್ತು ಕೇಳಿದರೆ ಯಾರೂ ಕೊಡುವುದಿಲ್ಲ.

ನಿಮ್ಮ ಲೆಕ್ಕಿಗ