ನಾಲ್ಕು ಗಂಟೆ ಕಾಫಿಗೆ ಮುಂಚೆ: ಸಕ್ಕರೆ ಇಳಿಸೋ ಲೆಕ್ಕ

ಎಲ್ಲರಿಗೂ ನಮಸ್ಕಾರ. ಕಾಫಿ ಬರೋಕೆ ಇನ್ನೂ ಹತ್ತು ನಿಮಿಷ ಇದೆ, ಅಷ್ಟರಲ್ಲಿ ಮುಗಿಸ್ತೀನಿ. ಕಾಫಿ ಬಿಡಿ, ಟೀ ಬಿಡಿ ಅಂತ ಹೇಳೋಕೆ ಬಂದಿಲ್ಲ, ಹೆದರಬೇಡಿ.

ಒಂದು ಟೀ ಚಮಚ ಸಕ್ಕರೆ, ತಲೆ ಸವರಿ ಅಳೆದರೆ, ಸುಮಾರು 4 ಗ್ರಾಂ. ಗುಡ್ಡೆ ಹಾಕಿ ತೆಗೆದರೆ 6 ಗ್ರಾಂ ಕೂಡ ಆಗುತ್ತೆ. ಮನೆಯಲ್ಲಿ ಬೆಳಗ್ಗೆ ಒಂದು ಲೋಟ, ಇಲ್ಲಿ 11ಕ್ಕೆ ಮತ್ತು 4ಕ್ಕೆ, ರಾತ್ರಿ ಊಟಕ್ಕೆ ಮುಂಚೆ ಇನ್ನೊಂದು. ಲೋಟಕ್ಕೆ ಎರಡು ಚಮಚದ ಹಾಗೆ ದಿನಕ್ಕೆ 32 ಗ್ರಾಂ, ತಿಂಗಳಿಗೆ ಹತ್ತಿರ ಹತ್ತಿರ ಒಂದು ಕೆಜಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮಿತಿ, ದಿನಕ್ಕೆ 2000 ಕ್ಯಾಲರಿ ತಿನ್ನೋರಿಗೆ, 50 ಗ್ರಾಂ. 25ಕ್ಕೆ ಇಳಿಸಿದರೆ ಇನ್ನೂ ಒಳ್ಳೇದು ಅಂತಾರೆ. ಆ 25ನ್ನ ನಮ್ಮ ಕಾಫಿಯೊಂದೇ ದಾಟಿಬಿಡುತ್ತೆ, ಮೈಸೂರು ಪಾಕ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ನಾಳೆಯಿಂದಲೇ ಪೂರ್ತಿ ಬಂದ್ ಅಂತ ಶುರು ಮಾಡಿದವರು ಹೆಚ್ಚಾಗಿ ವಾರದೊಳಗೆ ವಾಪಸ್ ಬರ್ತಾರೆ. ಮೆಟ್ಟಿಲು ಇಳಿದ ಹಾಗೆ ಇಳಿಸಿ. ಎರಡು ಚಮಚದವರು ಎರಡು ವಾರ ಒಂದೂವರೆ, ಆಮೇಲೆ ಎರಡು ವಾರ ಒಂದು, ಮತ್ತೆ ಎರಡು ವಾರ ಅರ್ಧ. ಅರ್ಧದಿಂದ ಸೊನ್ನೆಗೆ ಹೋಗೋದೇ ಕಷ್ಟದ ಭಾಗ, ಅಲ್ಲಿ ಕಾಲು ಚಮಚದಲ್ಲಿ ಮೂರು ವಾರ ನಿಂತರೂ ತಪ್ಪಿಲ್ಲ. ಡಬ್ಬಿಯಿಂದ ಅಂದಾಜಿಗೆ ಸುರಿಯೋದು ಬೇಡ, ಚಮಚದಲ್ಲೇ ಹಾಕಿ. ಅಂದಾಜು ಯಾವಾಗಲೂ ಮೇಲಕ್ಕೇ ಹೋಗುತ್ತೆ. ಮೆಷಿನ್ ಕಾಫಿ ಕುಡಿಯೋರು ಪ್ರೀಮಿಕ್ಸ್ ಪ್ಯಾಕೆಟ್ ಹಿಂಭಾಗ ಓದಿ. ಪುಡಿಯಲ್ಲೇ ಸಕ್ಕರೆ ಬೆರೆತಿದ್ದರೆ ನೀವು ಮೇಲೆ ಹಾಕದೇ ಇದ್ದರೂ ಪ್ರಯೋಜನ ಇಲ್ಲ.

ಸಕ್ಕರೆ ಇಳಿದಾಗ ಮೊದಲು ಗೊತ್ತಾಗೋದು ಕಾಫಿಯದೇ ದೋಷ. ಚಿಕೋರಿ ಜಾಸ್ತಿ ಇರೋ ಪುಡಿ, ಬೆಳಗಿನ ಡಿಕಾಕ್ಷನ್ ಮಧ್ಯಾಹ್ನ ಮತ್ತೆ ಕುದಿಸಿದ್ದು, ಇವುಗಳ ಕಹಿಯನ್ನ ಇಷ್ಟು ದಿನ ಸಕ್ಕರೆ ಮುಚ್ಚಿಟ್ಟಿತ್ತು. ಹಾಗಾಗಿ ಚಿಕೋರಿ 20 ಪರ್ಸೆಂಟ್‌ಗಿಂತ ಕಮ್ಮಿ ಇರೋ ಪುಡಿ ತಗೊಳ್ಳಿ. ಡಿಕಾಕ್ಷನ್ ಕುದಿಸಬೇಡಿ, ಹಾಲು ಮಾತ್ರ ಬಿಸಿ ಮಾಡಿ ಬೆರೆಸಿ. ಟೀಗೂ ಅಷ್ಟೇ: ಪುಡಿ ಹಾಕಿದ ಮೇಲೆ ಏಳೆಂಟು ನಿಮಿಷ ಕುದಿಸಿದರೆ ಒಗರು ಜಾಸ್ತಿ ಆಗುತ್ತೆ, ಎರಡು ಮೂರು ನಿಮಿಷ ಸಾಕು. ಜಜ್ಜಿದ ಶುಂಠಿ, ಏಲಕ್ಕಿ ಹಾಕಿದರೆ ಸಪ್ಪೆ ಅನಿಸೋದು ಕಮ್ಮಿ.

ಬೆಲ್ಲ ಹಾಕ್ತೀನಿ ಅನ್ನೋರಿಗೆ ಒಂದು ಮಾತು. ಬೆಲ್ಲವೂ ಬಹುಪಾಲು ಸಕ್ಕರೆಯೇ, ಬಣ್ಣ ಬೇರೆ ಅಷ್ಟೆ. ಜೇನುತುಪ್ಪವನ್ನೂ ಅದೇ ಲೆಕ್ಕಕ್ಕೆ ಸೇರಿಸಿ. ಶುಗರ್ ಫ್ರೀ ಮಾತ್ರೆ ಹಾಕೋದು ಸುಲಭದ ದಾರಿ ಅಂತ ಕಾಣುತ್ತೆ, ಆದರೆ ನಾಲಿಗೆಗೆ ಸಿಹಿಯ ಅಭ್ಯಾಸ ಹಾಗೇ ಉಳಿಯುತ್ತೆ. ತೂಕ ಇಳಿಸೋಕೆ ಅಂತ ಅದನ್ನ ಬಳಸೋದು ಬೇಡ ಅಂತ 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಹೇಳಿದೆ. ಈಗಾಗಲೇ ಡಯಾಬಿಟಿಸ್ ಇರೋರಿಗೆ ಆ ಸಲಹೆ ಅನ್ವಯಿಸಲ್ಲ, ಅವರು ಡಾಕ್ಟರ್ ಮಾತು ಕೇಳಲಿ.

ಈಗ ತಿಂಗಳುಗಳ ವಿಷಯ. ಮೊದಲ ಎರಡು ವಾರ ಏನೋ ಕಳೆದುಕೊಂಡ ಹಾಗೆ ಇರುತ್ತೆ, ಅದು ಸಹಜ. ತಲೆನೋವು ಬಂದರೆ ಲೋಟಗಳ ಸಂಖ್ಯೆಯನ್ನೂ ಇಳಿಸಿದ್ದೀರಾ ನೋಡಿಕೊಳ್ಳಿ. ಹಾಗಿದ್ದರೆ ಅದು ಕೆಫೀನ್ ಕಮ್ಮಿಯಾಗಿದ್ದಕ್ಕೆ ಬಂದಿರೋ ಸಾಧ್ಯತೆ ಜಾಸ್ತಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ಎರಡನೇ ತಿಂಗಳ ಹೊತ್ತಿಗೆ ಹಾಲಿನದೇ ಸಣ್ಣ ಸಿಹಿ ನಾಲಿಗೆಗೆ ಸಿಗೋಕೆ ಶುರುವಾಗುತ್ತೆ. ಮೂರನೇ ತಿಂಗಳಲ್ಲಿ ಯಾರಾದರೂ ಹಳೇ ಅಳತೆಯ ಕಾಫಿ ಕೊಟ್ಟರೆ ಪಾಯಸ ಕುಡಿದ ಹಾಗಾಗುತ್ತೆ.

ತೂಕದ ಬಗ್ಗೆ ನಿಜ ಹೇಳ್ತೀನಿ. 32 ಗ್ರಾಂ ಅಂದರೆ ದಿನಕ್ಕೆ 128 ಕ್ಯಾಲರಿ, ಬೆಲ್ಟ್‌ನಲ್ಲಿ ಹೊಸ ತೂತು ಹಾಕಿಸೋ ಅಷ್ಟು ದೊಡ್ಡದೇನಲ್ಲ. ಅದೂ ಕಾಫಿ ಸಪ್ಪೆ ಅಂತ ಎರಡು ಕ್ರೀಮ್ ಬಿಸ್ಕತ್ತು ತಿಂದರೆ ಎರಡು ಚಮಚ ಸಕ್ಕರೆ ಇನ್ನೊಂದು ಬಾಗಿಲಿಂದ ಒಳಗೆ ಬಂದಂತೆ. ಹಲ್ಲಿಗೆ ಮಾತ್ರ ಲಾಭ ಖಂಡಿತ: ಸಿಹಿ ಕಾಫಿಯನ್ನ ಅರ್ಧ ಗಂಟೆ ಗುಟುಕರಿಸುತ್ತಾ ಕೂತರೆ ಅಷ್ಟೂ ಹೊತ್ತು ಬಾಯಲ್ಲಿ ಆಮ್ಲ ಇರುತ್ತೆ. ಎಚ್‌ಬಿಎ1ಸಿ ಟೆಸ್ಟ್ ರಕ್ತದಲ್ಲಿನ ಸಕ್ಕರೆಯ ಎರಡು ಮೂರು ತಿಂಗಳ ಸರಾಸರಿ ಹೇಳುತ್ತೆ, ಹಾಗಾಗಿ ಹದಿನೈದು ದಿನಕ್ಕೆ ಲ್ಯಾಬ್‌ಗೆ ಓಡಬೇಡಿ.

ಇನ್ಸುಲಿನ್ ಅಥವಾ ಶುಗರ್ ಮಾತ್ರೆ ತಗೊಳ್ಳೋರು ಡಾಕ್ಟರ್‌ಗೆ ತಿಳಿಸಿಯೇ ಶುರು ಮಾಡಿ. ಶುಗರ್ ಇಳಿದು ಬೆವರು, ನಡುಕ ಬಂದಾಗ ಸಕ್ಕರೆಯೇ ಔಷಧಿ, ಆಗ ಹಠ ಬೇಡ.

ಸೋಮವಾರದಿಂದ ಪ್ಯಾಂಟ್ರಿಯಲ್ಲಿ ಎರಡು ಫ್ಲಾಸ್ಕ್ ಇರುತ್ತೆ. ಹಸಿರು ಮುಚ್ಚಳದ್ದರಲ್ಲಿ ಸಕ್ಕರೆ ಇಲ್ಲ, ಪಕ್ಕದ ಬಟ್ಟಲಲ್ಲಿ ಸಕ್ಕರೆ, ಜೊತೆಗೆ ಕಾಲು ಚಮಚದ ಅಳತೆ ಇಟ್ಟಿರ್ತಾರೆ. ಪ್ರಶ್ನೆ ಇದ್ದರೆ ಈಗಲೇ ಕೇಳಿ, ಕಾಫಿ ಬಂತು.